ನಿಮ್ಮ ಹೆಸರಿನಲ್ಲಿ ನಿಮಗಿಂತ ಮೊದಲು ಉತ್ತರ ಕೊಡುವವರು: ಗ್ರಾಹಕ ಸೇವೆಯ ಮುಖ್ಯಸ್ಥರಿಗೆ ಬಹಿರಂಗ ಪತ್ರ

ಬ್ಯಾಂಕು, ವಿಮಾನ, ಕೊರಿಯರ್, ಆನ್‌ಲೈನ್ ಅಂಗಡಿ ಮುಂತಾದ ಸಂಸ್ಥೆಗಳ ಗ್ರಾಹಕ ಸೇವಾ ಮುಖ್ಯಸ್ಥರಿಗೆ,

ನಮಸ್ಕಾರ.

ನಿಮ್ಮಲ್ಲಿ ಹಲವರ ಕಚೇರಿ ಇರುವುದು ಇದೇ ಮುಂಬಯಿಯಲ್ಲಿ, ಬಿಕೆಸಿಯಲ್ಲೋ ಲೋವರ್ ಪರೇಲಿನಲ್ಲೋ. ನಾನಿರುವುದು ಡೊಂಬಿವಲಿಯಲ್ಲಿ. ಮಾಟುಂಗದಿಂದ ಠಾಣೆಯವರೆಗೆ ನಮ್ಮವರ ಕೆಲವು ಹೋಟೆಲುಗಳ ಲೆಕ್ಕಪತ್ರ ಬರೆಯುವುದು ನನ್ನ ಕಸುಬು. ಜಿಎಸ್‌ಟಿ ಗೊತ್ತಿದ್ದವನಿಗೆ ಫೋನಿನ ವಿಷಯವೂ ಗೊತ್ತಿರಲೇಬೇಕು ಎಂಬ ನಂಬಿಕೆ ಹೋಟೆಲಿನವರಲ್ಲಿದೆ. ಹಾಗಾಗಿ ಯಾರ ಖಾತೆಯಿಂದ ದುಡ್ಡು ಹೋದರೂ ಆ ಫೋನು ಮೊದಲು ನನ್ನ ಮೇಜಿನ ಮೇಲೆ ಬಂದು ಕೂರುತ್ತದೆ. ಹಾಗೆ ಬಂದ ಫೋನುಗಳಲ್ಲಿ ನಾನು ಮತ್ತೆ ಮತ್ತೆ ಕಂಡ ಒಂದೇ ತರಹದ ಮೋಸದ ಬಗ್ಗೆ ಈ ಪತ್ರ. ನಿಮ್ಮ ಗ್ರಾಹಕ ಮೊದಲು ಟ್ವಿಟರ್ ಎನ್ನುತ್ತಿದ್ದ ಎಕ್ಸ್‌ನಲ್ಲಿ ಎಲ್ಲರೂ ನೋಡುವಂತೆ ನಿಮಗೊಂದು ದೂರು ಬರೆಯುತ್ತಾನೆ. ನೀವು ಉತ್ತರ ಕೊಡುವ ಮೊದಲೇ ನಿಮ್ಮ ಲೋಗೋ ಹಾಕಿಕೊಂಡ ಯಾರೋ ಉತ್ತರ ಕೊಡುತ್ತಾನೆ.

ಕನ್ನಡದಲ್ಲಿ ಬರೆಯುತ್ತಿದ್ದೇನೆ, ಯಾಕೆಂದರೆ ಮೋಸ ಹೋಗುತ್ತಿರುವ ನಮ್ಮ ಜನರೂ ಇದನ್ನು ಓದಬೇಕು. ನಿಮ್ಮ ಕಚೇರಿಯಲ್ಲಿ ಕನ್ನಡ ಓದುವವರು ಸಿಗುವುದು ಕಷ್ಟವೇನಲ್ಲ. ಕೆಳಗಿನ ಕ್ಯಾಂಟೀನಿನಲ್ಲೇ ಸಿಗುತ್ತಾರೆ.

ಒಂದು ಪ್ರಕರಣವನ್ನು ಪೂರ್ತಿಯಾಗಿ ಹೇಳುತ್ತೇನೆ. ಮಾಟುಂಗದ ಹೋಟೆಲೊಂದರಲ್ಲಿ ಗಲ್ಲೆಯ ಮೇಲೆ ಕೂರುವ ಕುಂದಾಪುರದ ಹುಡುಗ, ನನಗಿಂತ ಹದಿನೈದು ವರ್ಷ ಚಿಕ್ಕವನು. ಊರಿನ ಮದುವೆಗೆಂದು ಮನೆಮಂದಿ ನಾಲ್ವರಿಗೆ ಮಂಗಳೂರಿನ ವಿಮಾನದ ಟಿಕೆಟ್ ತೆಗೆದಿದ್ದ. ಆ ವಿಮಾನವನ್ನು ಕಂಪನಿಯೇ ರದ್ದು ಮಾಡಿತು. ₹18,400 ವಾಪಸ್ ಬರಬೇಕಿತ್ತು, ವಾರಗಳು ಕಳೆದರೂ ಬರಲಿಲ್ಲ. ಫೋನ್ ಮಾಡಿದರೆ ಒಂದು ಒತ್ತಿ, ಮೂರು ಒತ್ತಿ, ಮತ್ತೆ ಮೊದಲಿನಿಂದ. ಇಮೇಲ್‌ಗೆ ಯಂತ್ರದ ಉತ್ತರ. ಕೊನೆಗೆ ಹೋಟೆಲಿಗೆ ಬರುವ ಗಿರಾಕಿಯೊಬ್ಬರು ಹೇಳಿಕೊಟ್ಟರು: "ಎಕ್ಸ್‌ನಲ್ಲಿ ಟ್ಯಾಗ್ ಮಾಡಿ ಬರೀರಿ, ಮರ್ಯಾದೆಗೆ ಹೆದರಿ ತಕ್ಷಣ ಕೊಡ್ತಾರೆ." ಆ ಮಾತಿನಲ್ಲಿ ಸತ್ಯವಿಲ್ಲ ಎಂದು ನೀವೂ ಹೇಳಲಾರಿರಿ.

ಹೋಟೆಲ್ ಬಾಗಿಲು ಹಾಕಿದ ಮೇಲೆ, ರಾತ್ರಿ ಹನ್ನೊಂದರ ಹೊತ್ತಿಗೆ, ಕಂಪನಿಯನ್ನು ಟ್ಯಾಗ್ ಮಾಡಿ ಸಿಟ್ಟಿನಿಂದ ನಾಲ್ಕು ಸಾಲು ಬರೆದ. ಪಿಎನ್‌ಆರ್ ನಂಬರನ್ನೂ ಹಾಕಿದ. ಅಂಬರನಾಥ ಲೋಕಲ್ ಹತ್ತಿ ಕೂರುವಷ್ಟರಲ್ಲಿ ಮೂರು ಉತ್ತರ ಬಂದಿದ್ದವು. ಮೂರಕ್ಕೂ ಕಂಪನಿಯದೇ ಲೋಗೋ, ಕಂಪನಿಯದೇ ಹೆಸರು, ಮಾತೂ ಹೆಚ್ಚುಕಡಿಮೆ ಒಂದೇ: ತಮಗಾದ ತೊಂದರೆಗೆ ವಿಷಾದಿಸುತ್ತೇವೆ, ನಿಮ್ಮ ಸಮಸ್ಯೆ ಪರಿಹರಿಸಲು ದಯವಿಟ್ಟು ಸಂಪರ್ಕದ ನಂಬರನ್ನು ಡಿಎಂ ಮಾಡಿ, ಅಂದರೆ ಖಾಸಗಿ ಮೆಸೇಜಿನಲ್ಲಿ ಕಳಿಸಿ. ಮರುದಿನ ಬೆಳಿಗ್ಗೆ ಹನ್ನೊಂದು ದಾಟಿದ ಮೇಲೆ ನಿಜವಾದ ಕಂಪನಿಯ ಉತ್ತರ ಬಂತು. ಅದನ್ನೂ ನೋಡಿದೆ. ವಿಷಾದ ಅದೇ, ಡಿಎಂ ಅದೇ, ನಂಬರ್ ಕೇಳಿದ್ದೂ ಅದೇ. ನಾಲ್ಕನ್ನೂ ಒಂದರ ಪಕ್ಕ ಒಂದಿಟ್ಟು, ಇದರಲ್ಲಿ ಅಸಲಿ ಯಾವುದು ಎಂದು ನಿಮ್ಮ ಸಿಬ್ಬಂದಿಯನ್ನೇ ಕೇಳಿ ನೋಡಿ.

ಇಷ್ಟು ಬೇಗ ಅವರಿಗೆ ತಿಳಿದದ್ದು ಹೇಗೆ ಎಂದು ಹುಡುಗ ನನ್ನನ್ನು ಕೇಳಿದ. ಇದರಲ್ಲಿ ಹ್ಯಾಕಿಂಗ್ ಏನೂ ಇಲ್ಲ. ನಿಮ್ಮ ಹೆಸರಿನ ಜೊತೆ refund ಎಂಬ ಪದವನ್ನು ಹುಡುಕಾಟಕ್ಕೆ ಹಾಕಿ, ಹೊಸತು ಮೊದಲು ಬರುವಂತೆ ಇಟ್ಟುಕೊಂಡರೆ ಸಿಟ್ಟಾದ ಗ್ರಾಹಕರೆಲ್ಲ ಸಾಲಾಗಿ ಕಾಣುತ್ತಾರೆ. ರಾತ್ರಿ ಮತ್ತು ಭಾನುವಾರ ಅವರಿಗೆ ಸುಗ್ಗಿ, ಏಕೆಂದರೆ ಆಗ ನಿಮ್ಮವರು ಇರುವುದಿಲ್ಲ. ಬೇಟೆಯನ್ನು ಆರಿಸುವ ಕಷ್ಟವೂ ಇಲ್ಲ. ಈ ಮನುಷ್ಯನಿಗೆ ದುಡ್ಡು ಬರಬೇಕಿದೆ, ಅವನು ಯಾರದೋ ಕರೆಗೆ ಕಾಯುತ್ತಿದ್ದಾನೆ ಎನ್ನುವುದನ್ನು ಅವನೇ ಬರೆದು ಹಾಕಿರುತ್ತಾನೆ. ಗೊತ್ತಿಲ್ಲದ ನಂಬರಿನಿಂದ ಸುಮ್ಮನೆ ಬರುವ ಕರೆಗೆ ಹುಷಾರಾಗಿರುವವನು ಕೂಡ ತಾನೇ ಕೇಳಿಕೊಂಡ ಕರೆಗೆ ಅನುಮಾನಪಡುವುದಿಲ್ಲ.

ಇನ್ನು ಆ ಖಾತೆಗಳ ಗುಟ್ಟು. ಎಕ್ಸ್‌ನಲ್ಲಿ ಒಂದು ಖಾತೆಗೆ ಎರಡು ಹೆಸರು. ದಪ್ಪ ಅಕ್ಷರದಲ್ಲಿ ಕಾಣುವುದನ್ನು ಯಾರು ಬೇಕಾದರೂ ಏನು ಬೇಕಾದರೂ ಇಟ್ಟುಕೊಳ್ಳಬಹುದು. ಅದರ ಪಕ್ಕ @ ಗುರುತಿನೊಂದಿಗೆ ತೆಳುವಾಗಿ ಕಾಣುವ ಹ್ಯಾಂಡಲ್ ಮಾತ್ರ ಒಬ್ಬರಿಗಿದ್ದದ್ದು ಇನ್ನೊಬ್ಬರಿಗೆ ಸಿಗುವುದಿಲ್ಲ. ಕಖಗ ಎಂಬ ಕಂಪನಿ ಇದೆ ಅಂದುಕೊಳ್ಳಿ. ಅದರ ಅಸಲಿ ಹ್ಯಾಂಡಲ್ `@KaKhaGaHelp` ಆದರೆ ನಕಲಿಯದು `@KaKhaGaHeIp`. ಎರಡನೆಯದರಲ್ಲಿ ಕೊನೆಗೆ p ಹಿಂದೆ ಇರುವುದು ಸಣ್ಣ l ಅಲ್ಲ, ದೊಡ್ಡ I. ಫೋನಿನ ಪರದೆಯಲ್ಲಿ ಇದನ್ನು ಗುರುತಿಸಲು ನನ್ನ ಕನ್ನಡಕಕ್ಕೂ ಆಗುವುದಿಲ್ಲ, ನಲವತ್ತು ದಾಟಿದ ಯಾರ ಕಣ್ಣಿಗೂ ಆಗುವುದಿಲ್ಲ. ಕೆಲವರು ಅಷ್ಟು ಕಷ್ಟವನ್ನೂ ಪಡುವುದಿಲ್ಲ, ಕೊನೆಗೆ ಎರಡು ಅಂಡರ್‌ಸ್ಕೋರ್ ಸೇರಿಸಿ ಬಿಡುತ್ತಾರೆ. ನೀಲಿ ಟಿಕ್ 2022ರ ಕೊನೆಯಿಂದ ದುಡ್ಡು ಕೊಟ್ಟವರಿಗೆ ಸಿಗುವ ವಸ್ತುವಾಗಿದೆ, ಅದರಿಂದ ಏನೂ ಸಾಬೀತಾಗದು. ಸಂಸ್ಥೆಗಳಿಗೆ ಚಿನ್ನದ ಬಣ್ಣದ ಟಿಕ್ ಇದೆಯಾದರೂ ನಿಮ್ಮಲ್ಲಿ ಎಲ್ಲರೂ ಅದನ್ನು ತೆಗೆದುಕೊಂಡಿಲ್ಲ. ಹಾಗಿರುವಾಗ ಅದು ಇಲ್ಲದ ಖಾತೆಯನ್ನು ನಕಲಿ ಎಂದು ಗ್ರಾಹಕ ತೀರ್ಮಾನಿಸುವುದು ಹೇಗೆ?

ಹ್ಯಾಂಡಲಿನ ಸ್ಪೆಲ್ಲಿಂಗ್‌ಗಿಂತ ಗಟ್ಟಿಯಾದ ಪರೀಕ್ಷೆ ಒಂದಿದೆ, ಓದುಗರು ಇದನ್ನು ನೆನಪಿಟ್ಟುಕೊಳ್ಳಿ. ಆ ಖಾತೆಯೊಳಗೆ ಹೋಗಿ ಅದು ಬೇರೆಯವರಿಗೆ ಕೊಟ್ಟ ಉತ್ತರಗಳ ಪಟ್ಟಿ ತೆರೆಯಿರಿ. ಹುಡುಗನಿಗೆ ಮೊದಲು ಉತ್ತರಿಸಿದ ಖಾತೆ 2014ರಲ್ಲಿ ಶುರುವಾದದ್ದು. ಹಳೆಯದು, ಹಾಗಾಗಿ ನಂಬಿಕೆಯದು ಎಂದು ಯಾರಿಗಾದರೂ ಅನಿಸಬೇಕು. ಆದರೆ ಅದರಲ್ಲಿ ಹಿಂದಿನದು ಏನೂ ಇರಲಿಲ್ಲ, ಇದ್ದದ್ದೆಲ್ಲ ಆ ವಾರದ್ದು. ಯಾರದೋ ಬಿಟ್ಟುಹೋದ ಖಾತೆಯನ್ನು ಕೊಂಡು ಅಥವಾ ಕದ್ದು ಹೆಸರು ಬದಲಿಸಿದ್ದರು. ಉತ್ತರಗಳ ಪಟ್ಟಿಯಲ್ಲಿ ಅದೇ ವಿಷಾದದ ಸಾಲು ಮತ್ತೆ ಮತ್ತೆ, ಆದರೆ ಯಾರ ದೂರಿಗೆ? ಸೋಮವಾರ ಒಂದು ಬ್ಯಾಂಕಿನ ಗ್ರಾಹಕರಿಗೆ, ಮಂಗಳವಾರ ಕೊರಿಯರ್‌ನವರಿಗೆ, ಬುಧವಾರದಿಂದ ವಿಮಾನ ಕಂಪನಿಯವರಿಗೆ. ಲೋಗೋ ಬದಲಿಸಿದಾಗ ಹಳೆಯ ಉತ್ತರಗಳ ಮೇಲೂ ಹೊಸ ಲೋಗೋ ಬರುತ್ತದೆ, ಆದರೆ ಉತ್ತರ ಹೋಗಿರುವ ದೂರು ಬದಲಾಗುವುದಿಲ್ಲ. ವಿಮಾನ ಕಂಪನಿ ಯಾರದೋ ಬ್ಯಾಂಕ್ ಲಾಕರಿನ ದೂರಿಗೆ ವಿಷಾದಿಸುತ್ತಿದ್ದರೆ ಅದು ವಿಮಾನ ಕಂಪನಿಯಲ್ಲ.

ಹುಡುಗ ಡಿಎಂನಲ್ಲಿ ನಂಬರ್ ಕೊಟ್ಟ. ಎರಡು ಸಂಗತಿ ಬೆನ್ನುಬೆನ್ನಿಗೆ ನಡೆದವು. ಎಲ್ಲರಿಗೂ ಕಾಣುತ್ತಿದ್ದ ಆ ಉತ್ತರವನ್ನು ಅವರು ಅಳಿಸಿದರು, ವಾಟ್ಸಾಪ್‌ನಲ್ಲಿ ಕರೆ ಬಂತು. ಎಲ್ಲರ ಕಣ್ಣೆದುರಿನಿಂದ ಖಾಸಗಿ ಮಾತಿಗೆ ಕರೆದೊಯ್ಯುವುದೇ ಈ ಮೋಸದ ಬೆನ್ನೆಲುಬು. ಬಹಿರಂಗದಲ್ಲಿ ಇದ್ದರೆ ದಾರಿಹೋಕನೊಬ್ಬ "ಇದು ನಕಲಿ" ಎಂದು ಕೆಳಗೆ ಬರೆದಾನು. ಡಿಎಂನಲ್ಲೇ ಇದ್ದರೆ ಖಾತೆ ಯಾವಾಗ ಬೇಕಾದರೂ ಮುಚ್ಚಿಹೋದೀತು. ವಾಟ್ಸಾಪ್‌ಗೆ ಬಂದರೆ ಮೂರನೆಯವರು ಯಾರೂ ಇಲ್ಲ, ಲಿಂಕು ಕಳಿಸಬಹುದು, ಫೈಲು ಕಳಿಸಬಹುದು, ಎಲ್ಲಕ್ಕಿಂತ ಮುಖ್ಯವಾಗಿ ದನಿ ಸಿಗುತ್ತದೆ. ವಾಟ್ಸಾಪ್ ಬಿಸಿನೆಸ್ ಖಾತೆಗೆ ಬೇಕಾದ ಹೆಸರು, ಬೇಕಾದ ಲೋಗೋ ಹಾಕಿಕೊಳ್ಳಲು ಯಾರ ಅಪ್ಪಣೆಯೂ ಬೇಡ.

ಕರೆ ಮಾಡಿದವನು ಮೊದಲು ಏನನ್ನೂ ಕೇಳಲಿಲ್ಲ, ಹೇಳಿದ. ಪ್ರಯಾಣದ ದಿನಾಂಕ, ವಿಮಾನದ ನಂಬರ್, ನಾಲ್ವರ ಹೆಸರು ಎಲ್ಲವನ್ನೂ ಓದಿದ. "ಇಷ್ಟೆಲ್ಲ ಕಂಪನಿಯವರಿಗಲ್ಲದೆ ಯಾರಿಗೆ ಗೊತ್ತಿರ್ತದೆ ಅಣ್ಣಾ?" ಎಂದು ಹುಡುಗ ನನ್ನನ್ನು ಕೇಳಿದ. ಪಿಎನ್‌ಆರ್ ಅವನೇ ಬರೆದಿದ್ದ, ಮನೆತನದ ಹೆಸರು ಅವನ ಖಾತೆಯಲ್ಲೇ ಇತ್ತು. ಇವೆರಡನ್ನು ವಿಮಾನ ಕಂಪನಿಯ ವೆಬ್‌ಸೈಟಿನಲ್ಲಿ ಬುಕಿಂಗ್ ನೋಡುವ ಜಾಗದಲ್ಲಿ ಹಾಕಿದರೆ ಪೂರ್ತಿ ಟಿಕೆಟ್ ತೆರೆದುಕೊಳ್ಳುತ್ತದೆ. ಅವನು ಓದಿದ್ದು ಕಂಪನಿಯ ಕಡತವನ್ನಲ್ಲ, ಕಂಪನಿಯ ವೆಬ್‌ಸೈಟನ್ನು.

ಆಮೇಲೆ ಒಂದು ಎಪಿಕೆ ಫೈಲ್, ಅಂದರೆ ಫೋನಿನಲ್ಲಿ ನೇರವಾಗಿ ಆ್ಯಪ್ ಹಾಕುವ ಫೈಲ್ ಬಂತು. ಕಂಪನಿಯ ಹೆಸರು, ಮುಂದೆ Refund ಎಂದು. ಪ್ಲೇ ಸ್ಟೋರಿನ ಹೊರಗಿನ ಆ್ಯಪ್ ಹಾಕುವಾಗ ಫೋನು ಎಚ್ಚರಿಸಿತು. "ಅದು ಗೂಗಲ್‌ನವರ ಮಾಮೂಲಿ ಮೆಸೇಜ್ ಸರ್" ಎಂದು ಹಿಂದಿಯಲ್ಲಿ ಸಮಾಧಾನ ಹೇಳಿ ಮುಂದಿನ ಬಟನ್ ತೋರಿಸಿದ. ಆ್ಯಪ್ ಎಸ್ಸೆಮ್ಮೆಸ್ ಓದುವ ಅನುಮತಿ ಕೇಳಿತು, ಕೊಟ್ಟಾಯಿತು. ಇಡೀ ಕಥೆಯಲ್ಲಿ ಬಾಗಿಲು ತೆರೆದದ್ದು ಆ ಒಂದು ಕ್ಷಣದಲ್ಲಿ. ಅಲ್ಲಿಂದ ಮುಂದೆ ಆ ಫೋನಿಗೆ ಬರುವ ಪ್ರತಿ ಎಸ್ಸೆಮ್ಮೆಸ್ಸಿನ ಪ್ರತಿಯೂ ಎಲ್ಲೋ ಕೂತವನಿಗೆ ಹೋಗುತ್ತಿತ್ತು. ಆ್ಯಪಿನೊಳಗೆ ರಿಫಂಡ್ ಅರ್ಜಿ: ಹೆಸರು, ಮೊತ್ತ, ಮತ್ತೆ "ಖಾತೆ ಖಚಿತಪಡಿಸಲು" ₹10 ಪಾವತಿ. ಅದಕ್ಕೆ ಡೆಬಿಟ್ ಕಾರ್ಡಿನ ನಂಬರ್, ಅವಧಿ, ಸಿವಿವಿ. ಹತ್ತು ರೂಪಾಯಿ ಹೋಗಲೇ ಇಲ್ಲ, "ಸರ್ವರ್ ಬಿಜಿ" ಎಂದು ಚಕ್ರ ತಿರುಗುತ್ತಿತ್ತು. ಆ ಹೊತ್ತಿನಲ್ಲಿ ಅವರು ಇದೇ ಕಾರ್ಡನ್ನು ಬೇರೆಡೆ ಹಾಕಿ, ಬಂದ ಒಟಿಪಿಯನ್ನು ತಮ್ಮ ಪರದೆಯ ಮೇಲೇ ಓದಿಕೊಳ್ಳುತ್ತಿದ್ದರು. ₹49,900 ಒಮ್ಮೆ, ₹38,000 ಇನ್ನೊಮ್ಮೆ. ಹುಡುಗ ಯಾರಿಗೂ ಒಟಿಪಿ ಹೇಳಲಿಲ್ಲ. ಅದನ್ನು ಹೇಳಬಾರದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಈ ದಾರಿಯಲ್ಲಿ ಹೇಳುವ ಅಗತ್ಯವೇ ಇಲ್ಲ.

ಬ್ಯಾಂಕಿನ ಮೆಸೇಜು ಟಿಣ್ ಎಂದಾಗ "ಅವು ಸಿಸ್ಟಂ ಮೆಸೇಜು, ಲೈನ್ ಕಟ್ ಮತ್ ಕೀಜಿಯೇ" ಎಂದನಂತೆ. ಕಳ್ವಾ ದಾಟಿ ಮುಂಬ್ರಾ ಬರುವಾಗ ನೆಟ್‌ವರ್ಕ್ ಹೋಗಿ ಕರೆ ತಾನಾಗಿ ಕಟ್ಟಾಯಿತು. ಆಗ ಮೆಸೇಜು ಓದಿದ. ಸೆಂಟ್ರಲ್ ರೈಲ್ವೆಯ ನೆಟ್‌ವರ್ಕಿಗೆ ನಾನು ಧನ್ಯವಾದ ಹೇಳಿದ್ದು ಅದೊಂದೇ ಸಲ.

ಎಲ್ಲ ಕಡೆಯೂ ಎಪಿಕೆಯೇ ಬರುತ್ತದೆ ಎಂದಿಲ್ಲ. ಕೆಲವರಿಗೆ ಎನಿಡೆಸ್ಕ್ ತರಹದ ಆ್ಯಪ್ ಹಾಕಿಸಿ ಪರದೆ ನೋಡುತ್ತಾರೆ, ಕೆಲವರಿಗೆ ವಾಟ್ಸಾಪ್ ವಿಡಿಯೊ ಕರೆಯಲ್ಲೇ ಸ್ಕ್ರೀನ್ ಶೇರ್ ಮಾಡಿಸುತ್ತಾರೆ. ಇನ್ನು ಕೆಲವರಿಗೆ ಅರ್ಥವಿಲ್ಲದ ಅಕ್ಷರಗಳ ಒಂದು ಉದ್ದ ಮೆಸೇಜು ಕೊಟ್ಟು, "ನಿಮ್ಮ ಸಿಮ್ಮಿನಿಂದ ಇದನ್ನು ಈ ನಂಬರಿಗೆ ಕಳಿಸಿ" ಎನ್ನುತ್ತಾರೆ. ಯುಪಿಐ ಆ್ಯಪ್ ಹೊಸ ಫೋನಿನಲ್ಲಿ ಶುರುವಾಗುವಾಗ ಸಿಮ್ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳಲು ಕಳಿಸುವ ಮೆಸೇಜು ಅದು. ಗ್ರಾಹಕ ಅದನ್ನು ಕಳಿಸಿದರೆ ಅವನ ನಂಬರಿನ ಯುಪಿಐ ಮೋಸಗಾರರ ಫೋನಿಗೆ ಅಂಟಿಕೊಳ್ಳುತ್ತದೆ. ದಾರಿ ಯಾವುದಾದರೂ ಶುರುವಾಗುವುದು ಮಾತ್ರ ನಿಮ್ಮ ಹೆಸರಿನ ಆ ಎರಡು ಸಾಲಿನ ವಿಷಾದದಿಂದ.

ಹುಡುಗ ಡೊಂಬಿವಲಿಯಲ್ಲಿ ಇಳಿದವನೇ ನನ್ನ ಮನೆಗೆ ಬಂದ. ಮೊದಲು ಅವನ ಫೋನಿನ ಇಂಟರ್‌ನೆಟ್ ಬಂದ್ ಮಾಡಿದೆವು. ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ ಕಾರ್ಡ್ ನಿಲ್ಲಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದೆವು. ಆ ರಾತ್ರಿಯೇ ಹೇಳಿದ್ದರಿಂದ ₹38,000 ಇನ್ನೊಂದು ಖಾತೆಯಲ್ಲಿ ಹೋಲ್ಡ್ ಆಗಿ ನಿಂತಿದೆ. ₹49,900 ಅಷ್ಟರಲ್ಲಿ ಕೈ ದಾಟಿತ್ತು. ಇಲ್ಲಿ ನನಗೊಂದು ಪಾಠವಾಯಿತು, ದೂರು ಕೊಡುವ ಎಲ್ಲರಿಗೂ ಅದು ಉಪಯೋಗಕ್ಕೆ ಬರುತ್ತದೆ. ಹುಡುಗನ ಬಳಿ ನಕಲಿ ಖಾತೆಯ ಸ್ಕ್ರೀನ್‌ಶಾಟ್ ಇತ್ತು, ಅದರಲ್ಲಿದ್ದದ್ದು ದಪ್ಪ ಅಕ್ಷರದ ಹೆಸರು ಮಾತ್ರ. ಬೇಕಾದದ್ದು ಆ ಉತ್ತರದ ಲಿಂಕು. ಹೆಸರೂ ಹ್ಯಾಂಡಲೂ ಬದಲಾಗಬಹುದು, ಆದರೆ ಪ್ರತಿ ಖಾತೆಗೂ ಒಳಗೊಂದು ಅಂಕಿಯ ಐಡಿ ಇರುತ್ತದೆ, ಅದು ಬದಲಾಗುವುದಿಲ್ಲ. ಉತ್ತರ ಇನ್ನೂ ಅಳಿಯದೆ ಇರುವಾಗಲೇ ಅದರ ಲಿಂಕು ತೆಗೆದಿಟ್ಟರೆ ಪೊಲೀಸರು ಕೇಳುವಾಗ ಹುಡುಕಲು ಒಂದು ಎಳೆ ಇರುತ್ತದೆ.

ಬ್ಯಾಂಕು ಏನು ಹೇಳಿತು? ಕಾರ್ಡಿನ ವಿವರ ನೀವೇ ಕೊಟ್ಟಿದ್ದೀರಿ, ಇದು ಗ್ರಾಹಕರ ನಿರ್ಲಕ್ಷ್ಯ. ರಿಸರ್ವ್ ಬ್ಯಾಂಕ್ 2017ರ ಜುಲೈಯಲ್ಲಿ ಹೊರಡಿಸಿದ ಸುತ್ತೋಲೆಯನ್ನು ಮುಂದಿಟ್ಟರು: ಗ್ರಾಹಕನ ನಿರ್ಲಕ್ಷ್ಯದಿಂದ ಹೋದ ದುಡ್ಡು, ಬ್ಯಾಂಕಿಗೆ ತಿಳಿಸುವವರೆಗಿನದು, ಗ್ರಾಹಕನದೇ ನಷ್ಟ. ನಿಯಮ ಇರುವುದು ಹಾಗೆಯೇ, ನಾನು ಅಲ್ಲಗಳೆಯುವುದಿಲ್ಲ. ನನ್ನ ತಕರಾರು ಬೇರೆ. ಡಿಎಂನಲ್ಲಿ ನಂಬರ್ ಕೊಡುವುದು ನಿರ್ಲಕ್ಷ್ಯವಾದರೆ, ದಿನಕ್ಕೆ ನೂರಾರು ಜನರಿಗೆ ಹಾಗೆ ಮಾಡಿ ಎಂದು ಬರೆಯುತ್ತಿರುವವರು ಯಾರು? ಫೋನು ಎತ್ತದೆ, ಇಮೇಲ್‌ಗೆ ಉತ್ತರಿಸದೆ, ಬೀದಿಯಲ್ಲಿ ಕೂಗಿದವನಿಗೆ ಮಾತ್ರ ಓಡಿಬಂದು ಉತ್ತರಿಸುವ ಅಭ್ಯಾಸ ಮಾಡಿಕೊಂಡವರು ಯಾರು? ಕೂಗುವುದನ್ನೂ ಕಲಿಸಿದ್ದು ನೀವೇ, ಕೂಗಿದ ಮೇಲೆ ಯಾರೋ ಬಂದು ಕೈಹಿಡಿದು ಪಕ್ಕಕ್ಕೆ ಕರೆದರೆ ಹೋಗುವುದನ್ನೂ ಕಲಿಸಿದ್ದು ನೀವೇ.

ಬೇರೆ ಕಡೆ ಅಸಲಿಗೆ ಗುರುತು ಹಾಕುವ ಕೆಲಸ ನಡೆದಿದೆ. ಬ್ಯಾಂಕುಗಳ ವೆಬ್ ವಿಳಾಸ .bank.in ಎಂದು ಮುಗಿಯಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿ, 2025ರ ಅಕ್ಟೋಬರ್ 31ರ ಗಡುವು ಕೊಟ್ಟಿತು. ಬ್ಯಾಂಕಿನ ಕರೆಗಳಿಗೆ 1600ರಿಂದ ಶುರುವಾಗುವ ನಂಬರ್ ಬಂದಿದೆ. ಎಸ್ಸೆಮ್ಮೆಸ್ಸಿಗೆ ನೋಂದಾಯಿತ ಹೆಸರಿದೆ. ನೀವು ಗ್ರಾಹಕನ ಜೊತೆ ಅತಿ ಚುರುಕಾಗಿ ಮಾತಾಡುವ ಜಾಗದಲ್ಲಿ ಮಾತ್ರ ಅಂಥದ್ದೊಂದು ಗಟ್ಟಿ ಗುರುತು ಇಲ್ಲ. ಅದನ್ನು ಎಕ್ಸ್‌ನವರೋ ಸರ್ಕಾರವೋ ಮಾಡಲಿ ಎಂದು ಕಾಯಬೇಕಿಲ್ಲ. ನಿಮ್ಮ ಕೈಯಲ್ಲೇ ಆಗುವ ಕೆಲಸವಿದೆ.

ಮೊದಲನೆಯದು, ಉತ್ತರದ ವಾಕ್ಯವನ್ನೇ ಬದಲಿಸಿ. ಬಹಿರಂಗ ದೂರಿಗೆ ಉತ್ತರಿಸುವಾಗ ನಂಬರ್ ಕೇಳಬೇಡಿ, ಡಿಎಂಗೆ ಕರೆಯಬೇಡಿ. ದೂರನ್ನು ನೀವೇ ದಾಖಲಿಸಿ, ಒಂದು ದೂರಿನ ಸಂಖ್ಯೆಯನ್ನು ಅಲ್ಲೇ ಎಲ್ಲರೆದುರು ಬರೆಯಿರಿ. ಅದೇ ಸಂಖ್ಯೆ ಗ್ರಾಹಕನ ಆ್ಯಪಿನ ಸಹಾಯ ವಿಭಾಗದಲ್ಲಿ ಕಾಣಲಿ. ನಕಲಿಯವನು ಲೋಗೋ ಕದಿಯಬಲ್ಲ, ವಿಷಾದ ಕದಿಯಬಲ್ಲ, ಗ್ರಾಹಕನ ಲಾಗಿನ್ ಒಳಗೆ ಒಂದು ಸಂಖ್ಯೆ ತಂದು ಕೂರಿಸಲಾರ. ಬರೆದವನು ಯಾವ ಗ್ರಾಹಕ ಎಂದು ತಿಳಿಯದೆ ದಾಖಲಿಸುವುದು ಹೇಗೆ ಎಂದು ನಿಮ್ಮವರು ಕೇಳುತ್ತಾರೆ, ನ್ಯಾಯವಾದ ಪ್ರಶ್ನೆ. ಹಾಗಿದ್ದಲ್ಲಿ ಆ್ಯಪಿನೊಳಗೇ ಬರೆಯಲು ಹೇಳಿ, ಆದರೆ ಅಲ್ಲಿ ಬರೆದದ್ದಕ್ಕೂ ಎಕ್ಸ್‌ನಲ್ಲಿ ಕೊಡುವಷ್ಟೇ ಬೇಗ ಉತ್ತರ ಕೊಡಿ. ಇದಿಲ್ಲದಿದ್ದರೆ ಜನ ಮತ್ತೆ ಬೀದಿಗೇ ಬರುತ್ತಾರೆ. ಪಿಎನ್‌ಆರ್ ಅಥವಾ ಫೋನ್ ನಂಬರ್ ಹಾಕಿದ ಗ್ರಾಹಕನಿಗೆ ಅದನ್ನು ಅಳಿಸಲು ತಕ್ಷಣ ಹೇಳಿ.

ಎರಡನೆಯದು, ನಿಮ್ಮನ್ನು ಟ್ಯಾಗ್ ಮಾಡಿದ ದೂರುಗಳ ಕೆಳಗೆ ರಾತ್ರಿ ಹೊತ್ತೂ ಒಬ್ಬರು ಕಣ್ಣಿಟ್ಟಿರಲಿ. ಮೋಸಗಾರ ನೋಡುವ ಪಟ್ಟಿಯೇ ನಿಮ್ಮೆದುರಿಗೂ ಇದೆ. ಅವನು ಎರಡು ನಿಮಿಷದಲ್ಲಿ ಬರಬಲ್ಲನಾದರೆ ನಿಮಗೆ ಹನ್ನೆರಡು ಗಂಟೆ ಯಾಕೆ ಬೇಕು? ನಕಲಿ ಉತ್ತರದ ಕೆಳಗೆ "ಇದು ನಮ್ಮ ಖಾತೆಯಲ್ಲ" ಎಂದು ಬರೆಯಿರಿ. ಹುಡುಗನ ಪ್ರಕರಣದ ಮೂರು ಖಾತೆಗಳನ್ನೂ ನಾನು ಎಕ್ಸ್‌ಗೆ ರಿಪೋರ್ಟ್ ಮಾಡಿದೆ. ದಾರಿಹೋಕನ ರಿಪೋರ್ಟಿಗೂ ಹೆಸರು ಕಳೆದುಕೊಂಡ ಸಂಸ್ಥೆಯೇ ತನ್ನ ಲೋಗೋ ಬಳಕೆಯ ಬಗ್ಗೆ ಅಧಿಕೃತವಾಗಿ ಕೊಡುವ ದೂರಿಗೂ ಒಂದೇ ತೂಕವಿಲ್ಲ. ಕಂಪ್ಯೂಟರ್ ಮೂಲಕ ಬೇರೆಯವರ ಸೋಗು ಹಾಕಿ ವಂಚಿಸುವುದು ಐಟಿ ಕಾಯ್ದೆಯ 66ಡಿ ಕಲಮಿನಡಿ ಮೂರು ವರ್ಷದವರೆಗೆ ಸಜೆಯಾಗಬಹುದಾದ ಅಪರಾಧ. ದುಡ್ಡು ಕಳೆದುಕೊಂಡವನು ಪೊಲೀಸ್ ಠಾಣೆಗೆ ಅಲೆಯುತ್ತಾನೆ. ಹೆಸರು ಕದಿಸಿಕೊಂಡ ನೀವು ಎಷ್ಟು ಸಲ ದೂರು ಕೊಟ್ಟಿದ್ದೀರಿ? ವರ್ಷಕ್ಕೆ ಎಷ್ಟು ನಕಲಿ ಖಾತೆ ಕಂಡಿರಿ, ಎಷ್ಟು ತೆಗೆಸಿದಿರಿ ಎಂಬ ಲೆಕ್ಕ ನಿಮ್ಮ ವೆಬ್‌ಸೈಟಿನಲ್ಲಿ ಬರಲಿ. ಲೆಕ್ಕ ಬರೆಯುವವನಾದ ನನಗೆ ಅಂಕಿ ಇಲ್ಲದ ಭರವಸೆ ಹಿಡಿಸುವುದಿಲ್ಲ.

ಬೇಕಿದ್ದರೆ ಹೀಗೆ ಬರೆಯಲು ಹೇಳಿ: "ನಿಮ್ಮ ದೂರು ನೋಡಿದ್ದೇವೆ. ಇಲ್ಲಿ ಅಥವಾ ಡಿಎಂನಲ್ಲಿ ಯಾವ ನಂಬರನ್ನೂ ಕೊಡಬೇಡಿ, ಪಿಎನ್‌ಆರ್ ಹಾಕಿದ್ದರೆ ಅಳಿಸಿ. ನಮ್ಮ ಆ್ಯಪಿನಲ್ಲಿ ಸಹಾಯ ತೆರೆಯಿರಿ, ಉತ್ತರ ಅಲ್ಲೇ ಬರುತ್ತದೆ. ನಾವು ವಾಟ್ಸಾಪ್ ಕರೆ ಮಾಡುವುದಿಲ್ಲ, ಆ್ಯಪ್ ಕಳಿಸುವುದಿಲ್ಲ." ಇದಕ್ಕೆ ಹೊಸ ಸಾಫ್ಟ್‌ವೇರ್ ಬೇಡ, ಬಜೆಟ್ ಬೇಡ.

ಹುಡುಗನ ಒಪ್ಪಿಗೆ ಪಡೆದು ಆ ಮೂರು ನಕಲಿ ಖಾತೆಗಳ ಲಿಂಕು, ಕರೆ ಬಂದ ನಂಬರು, ಅಳಿದ ಉತ್ತರಗಳ ಸ್ಕ್ರೀನ್‌ಶಾಟನ್ನು ಆ ವಿಮಾನ ಕಂಪನಿಗೆ ಇಮೇಲ್ ಮಾಡಿದ್ದೇನೆ. ಯಂತ್ರದ ಉತ್ತರ ಬಂದಿದೆ. ಅವರ ಕಚೇರಿಯ ಯಾರಾದರೂ ಇದನ್ನು ಓದುತ್ತಿದ್ದರೆ, ಆ ಇಮೇಲನ್ನು ತೆರೆದು ನೋಡಿ. ₹18,400 ಇನ್ನೂ ಬಂದಿಲ್ಲ.

ಇತಿ,
ಡೊಂಬಿವಲಿಯ ಒಬ್ಬ ಲೆಕ್ಕಿಗ